ಹಂದಿ ತೆಗೆದು ಚೊಂಬು ಇಟ್ಟವನ ಉತ್ತರ

ಪ್ರಶ್ನೆ: ಹಳ್ಳಿಯ ಮಹಿಳಾ ಸಂಘಗಳಿಗೆ ಉಳಿತಾಯದ ಆ್ಯಪ್ ಮಾಡ್ತಾ ಇದ್ದೀವಿ. ಡಿಸೈನರ್ ಹೊರರಾಜ್ಯದವರು. ಕನ್ನಡದವರ ಧಾರ್ಮಿಕ ಭಾವನೆಗೆ ಧಕ್ಕೆ ಆಗದ ಹಾಗೆ ಐಕಾನ್, ಬಣ್ಣ, ಕೈಸನ್ನೆ ಆರಿಸೋದು ಹೇಗೆ? ಪಿಗ್ಗಿ ಬ್ಯಾಂಕ್ ಬದಲು ಮಡಕೆ ಹಾಕಬಹುದಾ? ಕೆಂಪು ಬಣ್ಣ ಬಿಡಬೇಕಾ? ಸಹಾಯಕ್ಕೆ ಎತ್ತಿದ ಕೈ ಇಟ್ಟಿದ್ದೀವಿ, ಸರಿನಾ?

ಮಡಕೆ ಬೇಡ. ದಯವಿಟ್ಟು ಬೇಡ. ನಾನು ಹಾಕಿ ಕೆಟ್ಟವನು.

2024ರ ಬೇಸಿಗೆ. ದಾವಣಗೆರೆ ಕಡೆಯ ಒಂದು ತಾಲ್ಲೂಕಿನಲ್ಲಿ 42 ಸಂಘಗಳ ಲೆಕ್ಕ ಬರೆಯುವ ಆ್ಯಪ್ ನಮ್ಮ ಪುಟ್ಟ ತಂಡದ ಕೈಗೆ ಬಂದಿತ್ತು. ಒಂದೊಂದು ಸಂಘದಲ್ಲಿ ಹದಿನೈದರ ಆಸುಪಾಸು ಸದಸ್ಯರು. ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ಅದುವರೆಗೆ ಎಲ್ಲ ನಡೆಯುತ್ತಿದ್ದದ್ದು ಪಾಸ್‌ಬುಕ್ ಮತ್ತು ನಡಾವಳಿ ಪುಸ್ತಕದಲ್ಲಿ. ನಾವು ಮೊದಲು ಬಳಸಿದ್ದು ಸಿದ್ಧ ಐಕಾನ್‌ಗಳ ಒಂದು ಕಟ್ಟು. ಅದರಲ್ಲಿ ಉಳಿತಾಯಕ್ಕೆ ಇದ್ದದ್ದು ಹಂದಿ.

ನಿಮ್ಮ ಹಾಗೇ ನಾನೂ ಗಾಬರಿಯಾದೆ. ಸಂಘಗಳಲ್ಲಿ ಮುಸ್ಲಿಂ ಹೆಂಗಸರಿದ್ದರು, ಹಂದಿ ಅಂದರೆ ಮುಖ ಸಿಂಡರಿಸುವ ಬೇರೆಯವರೂ ಇದ್ದರು. ಹಂದಿಯನ್ನು ತೆಗೆದು ಹಾಕಿದೆವು. ಅದು ಸರಿಯಾದ ನಿರ್ಧಾರವೇ. ಆದರೆ ಅದರ ಜಾಗಕ್ಕೆ ಏನು? ಮಕ್ಕಳು ಕಾಸು ಕೂಡಿಡುವ ಮಣ್ಣಿನ ಹುಂಡಿ ನೆನಪಾಯಿತು. ಡಿಸೈನರ್‌ಗೆ ಫೋನಿನಲ್ಲಿ "ಮಣ್ಣಿನ ಮಡಕೆ, ದುಡ್ಡು ಹಾಕೋದು" ಎಂದೆ. ಆತ ದುಂಡು ಹೊಟ್ಟೆ, ಕಿರಿದಾದ ಕತ್ತು, ಹೊರಕ್ಕೆ ಚಾಚಿದ ಬಾಯಿ ಇರುವ ಒಂದು ಪಾತ್ರೆ ಬರೆದು ಕಳಿಸಿದ. ಚೆನ್ನಾಗಿತ್ತು. ಒಪ್ಪಿಕೊಂಡೆ.

ಇಲ್ಲಿ ಸ್ವಲ್ಪ ನಿಲ್ಲಿ, ಯಾಕೆಂದರೆ ನನ್ನ ತಪ್ಪೆಲ್ಲ ಇಲ್ಲೇ ಇದೆ. ಹುಂಡಿಗೆ ಕತ್ತು ಇರುವುದಿಲ್ಲ. ಮೇಲ್ಭಾಗ ಮುಚ್ಚಿಕೊಂಡಿರುತ್ತದೆ, ನಾಣ್ಯ ಹಾಕಲು ಒಂದು ಸೀಳು ಇರುತ್ತದೆ, ಅಷ್ಟೆ. ಕತ್ತು, ಚಾಚಿದ ಬಾಯಿ ಎರಡೂ ಬಂದವೋ, ಅದು ಚೊಂಬು. ದೊಡ್ಡ ಪರದೆಯಲ್ಲಿ ನೋಡುವಾಗ ಹೊಟ್ಟೆಯ ಮೇಲೆ ಒಂದು ಸಣ್ಣ ಸೀಳೂ ಕಾಣುತ್ತಿತ್ತು. ಅದನ್ನು ನೋಡಿಯೇ ನಾನು 'ಹುಂಡಿ' ಎಂದುಕೊಂಡದ್ದು. ಆದರೆ ಆ್ಯಪ್‌ನಲ್ಲಿ ಐಕಾನಿನ ಅಳತೆ 24 ಡಿಪಿ, ಅಂದರೆ ಕಾಲು ಇಂಚಿಗೂ ಕಮ್ಮಿ. ಅಗ್ಗದ ಫೋನಿನಲ್ಲಿ, ಬಿಸಿಲಲ್ಲಿ, ಗೀರು ಬಿದ್ದ ಗಾಜಿನಡಿಯಲ್ಲಿ ಆ ಸೀಳು ಮಾಯ. ಉಳಿದದ್ದು ಹೊರಗಿನ ಆಕಾರ ಮಾತ್ರ.

ಇಷ್ಟಕ್ಕೇ ನಿಂತಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತೇನೋ. ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ದುಡ್ಡು ಕಟ್ಟಿದ ಹಾಗೆ ಪಾತ್ರೆ ತುಂಬುತ್ತಾ ಹೋಗಲಿ ಎಂದೆ. ತಿಂಗಳಿಗೆ ನಾಲ್ಕು ವಾರ, 200 ರೂಪಾಯಿ ಕಟ್ಟಿದರೆ ಪೂರ್ತಿ ತುಂಬಿದ ಪಾತ್ರೆ. ಒಳಗೆ ಹಳದಿ, ಹೊರಗೆ ಗೆರೆ. ನೋಡುವುದಕ್ಕೆ ಖುಷಿಯಾಗುತ್ತಿತ್ತು. ಹೊಸ ತಿಂಗಳು ಬಂದಾಗ ಲೆಕ್ಕ ಮತ್ತೆ ಸೊನ್ನೆಯಿಂದ ಶುರು, ಅಂದರೆ ಪಾತ್ರೆ ಖಾಲಿ. ಒಟ್ಟು ಉಳಿತಾಯದ ಮೊತ್ತ ಎಲ್ಲೂ ಹೋಗಿರಲಿಲ್ಲ, ಒಳಗಿನ ಪುಟದಲ್ಲಿ ಭದ್ರವಾಗಿತ್ತು. ಮೊದಲ ಪುಟದಲ್ಲಿ ಮಾತ್ರ ಈ ಪಾತ್ರೆ.

ಏಪ್ರಿಲ್ ಮಧ್ಯದಲ್ಲಿ ಆ್ಯಪ್ ಕೊಟ್ಟೆವು. ಅದು ಲೋಕಸಭೆ ಚುನಾವಣೆಯ ಸಮಯ. ಕೇಂದ್ರ ಸರ್ಕಾರ ರಾಜ್ಯಕ್ಕೆ ಕೊಟ್ಟಿದ್ದು ಖಾಲಿ ಚೊಂಬು ಎಂದು ಕಾಂಗ್ರೆಸ್ ಪಕ್ಷ ಪೇಪರುಗಳಲ್ಲಿ ಚೊಂಬಿನ ಚಿತ್ರದ ಜಾಹೀರಾತು ಕೊಟ್ಟಿದ್ದು ನಿಮಗೆ ನೆನಪಿರಬಹುದು. ಆಮೇಲೆ ಎಲ್ಲರ ಬಾಯಲ್ಲೂ ಚೊಂಬೇ. ಯಾರು ಯಾರಿಗೆ ಚೊಂಬು ಕೊಟ್ಟರು ಅನ್ನೋದೇ ಮಾತು. ನಾನು ಅದನ್ನೆಲ್ಲ ಓದಿ ನಗುತ್ತಿದ್ದೆ. ನನ್ನ ಆ್ಯಪ್‌ನಲ್ಲೇ ಒಂದು ಕೂತಿದೆ ಎಂದು ಹೊಳೆಯಲೇ ಇಲ್ಲ ನೋಡಿ.

ಮೇ 1ನೇ ತಾರೀಕು ಬೆಳಿಗ್ಗೆ ಎಲ್ಲ ಸದಸ್ಯರ ಪಾತ್ರೆಗಳೂ ಒಟ್ಟಿಗೆ ಖಾಲಿಯಾದವು.

ಒಬ್ಬಾಕೆ ಪರದೆಯ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಕೆಳಗೆ ಒಂದೇ ಸಾಲು: "ನಮ್ಗೂ ಚೊಂಬು ಕೊಟ್ರು ನೋಡ್ರವ್ವ." ಮಧ್ಯಾಹ್ನದ ಹೊತ್ತಿಗೆ ಅದು ಅಕ್ಕಪಕ್ಕದ ಊರುಗಳಿಗೆ ಹೋಗಿತ್ತು. ಅರ್ಧ ಜನಕ್ಕೆ ಅದು ತಮಾಷೆ. ಇನ್ನರ್ಧ ಜನಕ್ಕೆ ಅದು ಸುದ್ದಿ. ವರ್ಷಕ್ಕೆ 2,600 ರೂಪಾಯಿ ಕೂಡಿಟ್ಟವರು ಮೊದಲ ಪುಟದಲ್ಲಿ ಖಾಲಿ ಚೊಂಬು ಕಂಡರೆ ಇನ್ನೇನು ಅಂದುಕೊಳ್ಳಬೇಕು? ಒಂಬತ್ತು ಸಂಘಗಳು ದುಡ್ಡು ಕಟ್ಟುವುದನ್ನು ನಿಲ್ಲಿಸಿದವು. ಮೂರು ವಾರ ನಾನು ಮತ್ತು ಸಂಘದ ಪ್ರತಿನಿಧಿ ಅಕ್ಕ ಊರೂರು ತಿರುಗಿ, ಒಬ್ಬೊಬ್ಬರ ಪಾಸ್‌ಬುಕ್ ಇಟ್ಟುಕೊಂಡು ಆ್ಯಪ್‌ನ ಲೆಕ್ಕ ತಾಳೆ ಹಾಕಿ ತೋರಿಸಿದೆವು. ಒಂದು ರೂಪಾಯಿಯೂ ತಪ್ಪಿರಲಿಲ್ಲ. ಆದರೂ ಎರಡನೇ ಹಂತದ ಕೆಲಸ ನಮಗೆ ಸಿಗಲಿಲ್ಲ.

ಹುಬ್ಬಳ್ಳಿಯ ಗೆಳೆಯನಿಗೆ ಈ ಕಥೆ ಹೇಳಿದರೆ ಅವನು ಇನ್ನೂ ಜಾಸ್ತಿ ನಕ್ಕ. "ನಮ್ಮ ಕಡೆ ಅದು ತಂಬಿಗೆ. ಬಯಲಿಗೆ ಹೋಗುವಾಗ ಹಿಡ್ಕೊಂಡು ಹೋಗೋದು. ನೀನು ಅದರೊಳಗೆ ಹಳದಿ ಬೇರೆ ತುಂಬಿಸಿದ್ದಿ!" ಎಂದ.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲೇ ನನ್ನ ತಕರಾರಿದೆ. ಧಾರ್ಮಿಕ ಭಾವನೆ ಎಂದು ಹೆದರಿ ಹುಡುಕುತ್ತಾ ಕೂತರೆ ನಿಜವಾದ ಗುಂಡಿ ಕಾಣುವುದಿಲ್ಲ. ದೇವರ ಚಿತ್ರ ಹಾಕಬಾರದು ಎಂದು ನಿಮ್ಮ ಹೊರರಾಜ್ಯದ ಡಿಸೈನರ್‌ಗೂ ಗೊತ್ತು. ಗೊತ್ತಿಲ್ಲದ್ದು ಕನ್ನಡದ ಮಾತು. ನಮ್ಮ ಜನ ಐಕಾನನ್ನು ಸುಮ್ನೆ ನೋಡುವುದಿಲ್ಲ, ಅದರ ಹೆಸರು ಹೇಳುತ್ತಾರೆ. ಹೆಸರು ಬಾಯಿಗೆ ಬಂದ ಕೂಡಲೇ ಅದರ ಹಿಂದಿನ ಬೈಗುಳವೂ ಬರುತ್ತದೆ. ಅದರಲ್ಲೂ ದುಡ್ಡಿನ ವಿಷಯದಲ್ಲಿ ಮೋಸಕ್ಕೆ ಕನ್ನಡದಲ್ಲಿ ಇರುವಷ್ಟು ವಸ್ತುಗಳು, ಅಬ್ಬಾ!

ಆಮೇಲೆ ನಾನು ಒಂದು ಪರೀಕ್ಷೆ ಮಾಡಿಕೊಂಡೆ. ಐಕಾನನ್ನು ಫೋನಿನಲ್ಲಿ ಅದರ ನಿಜವಾದ ಅಳತೆಯಲ್ಲೇ, ಕೆಳಗಿನ ಹೆಸರು ತೆಗೆದು, ಐದಾರು ಸದಸ್ಯರಿಗೆ ಬೇರೆ ಬೇರೆಯಾಗಿ ತೋರಿಸುವುದು. "ಅರ್ಥ ಆಯ್ತಾ?" ಎಂದು ಕೇಳಬಾರದು, ಎಲ್ಲರೂ ಹೂಂ ಅನ್ನುತ್ತಾರೆ. "ಇದು ಏನು?" ಎಂದಷ್ಟೇ ಕೇಳಿ, ಅವರ ಬಾಯಿಂದ ಬಂದ ಮೊದಲ ಪದವನ್ನು ಹಾಗೇ ಬರೆದುಕೊಳ್ಳುವುದು. ಮನೆಗೆ ಬಂದು ಆ ಪದದ ಮುಂದೆ ಕೊಟ್ಟರು, ಹಾಕಿದರು, ಎತ್ತಿದರು ಎಂದು ಒಂದೊಂದಾಗಿ ಸೇರಿಸಿ ಜೋರಾಗಿ ಓದುವುದು. ಚೊಂಬು ಕೊಟ್ಟರು. ಅಲ್ಲೇ ಗೊತ್ತಾಗುತ್ತದೆ.

ಈ ಪರೀಕ್ಷೆಯಲ್ಲಿ ನಮ್ಮ ಇನ್ನೂ ಎರಡು ಐಕಾನ್ ಬಿದ್ದವು. ಶಿಕ್ಷಣ ಸಾಲಕ್ಕೆ ಪದವಿ ಪಡೆದವರ ಚೌಕ ಟೋಪಿ ಇತ್ತು. ಆರರಲ್ಲಿ ಐವರು "ಟೋಪಿ" ಎಂದರು. ಟೋಪಿ ಹಾಕಿದರು. ಇನ್ನೊಂದು, ಲೆಕ್ಕದ ವರದಿಗೆ ಇದ್ದ ಮೂರು ಕಡ್ಡಿಗಳ ಗ್ರಾಫ್. ಅಕ್ಕಪಕ್ಕದ್ದು ಬಿಳಿ, ಎದ್ದು ಕಾಣಲಿ ಎಂದು ನಡುವಿನದು ಕೆಂಪು. ಒಬ್ಬ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ "ಇದು ನಾಮ ಅಲ್ವೇನಪ್ಪ?" ಎಂದರು. ಸಾಲದ ಆ್ಯಪ್‌ನಲ್ಲಿ ಮೂರು ನಾಮ! ಗ್ರಾಫಿಗೆ ನಾಲ್ಕನೇ ಕಡ್ಡಿ ಸೇರಿಸಿ, ಎಲ್ಲಕ್ಕೂ ನೀಲಿ ಬಳಿದೆವು. ಟೋಪಿಯ ಜಾಗಕ್ಕೆ ಸ್ಲೇಟು ಬಂತು.

ಈ ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ. ಸಂಘದ ಗುರುತಾಗಿ ನಾವು ತಲೆ ಮೇಲೆ ಹೊರೆ ಹೊತ್ತ ಹೆಂಗಸಿನ ಚಿತ್ರ ಆರಿಸಿದ್ದೆವು. ಎಲ್ಲರೂ "ಹೆಂಗಸು" ಎಂದರು, ಪಾಸಾಯಿತು. ಕೊನೆಗೆ ಅದನ್ನು ಹಿಡಿದದ್ದು ಪ್ರತಿನಿಧಿ ಅಕ್ಕ. ತೆನೆ ಹೊತ್ತ ಮಹಿಳೆ ಜೆಡಿಎಸ್ ಚಿಹ್ನೆ. ಕೈ, ಕಮಲ ಎಲ್ಲರಿಗೂ ನೆನಪಿರುತ್ತದೆ, ಇದು ಮರೆತೇಹೋಗುತ್ತದೆ.

ಬಣ್ಣ ಕೇಳಿದಿರಿ. ಕೆಂಪಿಗೆ ಹೆದರಬೇಡಿ, ಅದು ಕುಂಕುಮದ ಬಣ್ಣ. ಬಾಕಿ ತೋರಿಸಲು ಕೆಂಪು ಅಕ್ಷರ ಹಾಕಿದ್ದೆವು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ನಾವು ಎಡವಿದ್ದು ಬಣ್ಣ ತೆಗೆದ ಕಡೆ. ಸಭೆಗೆ ಬಾರದವರ ಫೋಟೋ ಕಪ್ಪುಬಿಳುಪಾಗಿ ಕಾಣುವಂತೆ ಮಾಡಿದ್ದೆವು. ಬೇರೆ ಆ್ಯಪ್‌ಗಳಲ್ಲಿ ಬೂದು ಬಣ್ಣ ಅಂದರೆ 'ಸದ್ಯಕ್ಕೆ ಇಲ್ಲ' ಎಂದು ಅರ್ಥ, ಅದೇ ರೂಢಿಯಲ್ಲಿ. ಗೌರಿ ಹಬ್ಬಕ್ಕೆಂದು ಎಲ್ಲರ ಫೋಟೋ ಸುತ್ತ ಚೆಂಡುಹೂವಿನ ಹಾರ, ಕೆಳಗೊಂದು ದೀಪ ಇರುವ ಚೌಕಟ್ಟನ್ನೂ ತಯಾರು ಮಾಡಿದ್ದೆವು. ಎರಡೂ ಸೇರಿದರೆ ಏನಾಗುತ್ತದೆ ಎಂದು ಯೋಚಿಸಿ. ಕಪ್ಪುಬಿಳುಪು ಫೋಟೋ, ಹಾರ, ದೀಪ. ಊರ ಸರ್ಕಲ್ಲಿನ ಶ್ರದ್ಧಾಂಜಲಿ ಫ್ಲೆಕ್ಸೇ! ಬದುಕಿರುವವರ ಫೋಟೋಗೆ ನಾವು ಹಾರ ಹಾಕುವುದಿಲ್ಲ ಅಲ್ವಾ. ಪುಣ್ಯಕ್ಕೆ ಇದು ಹೊರಗೆ ಹೋಗುವ ಮೊದಲೇ ನನ್ನ ಅಮ್ಮ ನೋಡಿದರು. ಹಾರವನ್ನು ಫೋಟೋದಿಂದ ಬಿಡಿಸಿ, ಪುಟದ ಮೇಲೆ ಬಾಗಿಲ ತೋರಣದ ಹಾಗೆ ಕಟ್ಟಿದೆವು. ಮಾವಿನೆಲೆ ಸೇರಿಸಿದ ಮೇಲೆ ಹಬ್ಬದ ಕಳೆ ಬಂತು. ಫೋಟೋಗಳಿಗೆ ಬಣ್ಣ ವಾಪಸ್ ಕೊಟ್ಟು, ಬಾರದವರ ಹೆಸರಿನ ಪಕ್ಕ "ಬಂದಿಲ್ಲ" ಎಂದು ಬರೆದೆವು.

ಕೈಯ ಚಿತ್ರಗಳಲ್ಲಿ ಒಂದು ಕಡೆ ಹುಷಾರು. ದುಡ್ಡು ಪಡೆಯುವುದಕ್ಕೆ ಒಂದು ಕೈ ಬರೆದು, ಕೊಡುವುದಕ್ಕೆ ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಡುತ್ತಾರೆ. ಬಲಗೈ ಎಡಗೈ ಆಗುತ್ತದೆ. ಎಡಗೈಯಲ್ಲಿ ದುಡ್ಡು ಕೊಡುವುದನ್ನು ನಮ್ಮ ಹೆಂಗಸರು ಸಹಿಸುವುದಿಲ್ಲ. ಹೆಬ್ಬೆರಳು ಯಾವ ಕಡೆ ಇದೆ ನೋಡಿ, ಗೊತ್ತಾಗುತ್ತದೆ. ತಿರುಗಿಸದೆ ಬೇರೆಯಾಗಿಯೇ ಬರೆಸಿ.

ಈಗ ಉಳಿತಾಯಕ್ಕೆ ಏನು ಹಾಕಬೇಕು? ನಮ್ಮಲ್ಲಿ ಒಬ್ಬರು ಅದೇ ಚೊಂಬಿಗೆ ಮಾವಿನೆಲೆ, ತೆಂಗಿನಕಾಯಿ ಇಟ್ಟರೆ ಕಳಶ ಆಗುತ್ತದಲ್ಲ ಎಂದರು. ಆಗುತ್ತದೆ, ನಿಜ. ಆದರೆ ಕಳಶ ಅಂದರೆ ಲಕ್ಷ್ಮಿ. ತಿಂಗಳ ಕೊನೆಗೆ ಖಾಲಿ ಮಾಡುವುದು ಹೇಗೆ? ಸಂಘದ ಮುಸ್ಲಿಂ, ಕ್ರೈಸ್ತ ಸದಸ್ಯರ ಲೆಕ್ಕಕ್ಕೂ ಅದನ್ನೇ ಇಡುವುದಾ? ಕೊನೆಗೆ ನಾವು ಇಟ್ಟದ್ದು ಅವರ ಕೈಯಲ್ಲೇ ಇದ್ದ ಪಾಸ್‌ಬುಕ್ಕಿನ ಚಿತ್ರ, ಅದರ ರಟ್ಟಿನ ಬಣ್ಣದಲ್ಲೇ. ಪಕ್ಕದಲ್ಲಿ ದಪ್ಪ ಅಂಕಿಯಲ್ಲಿ "ಒಟ್ಟು ಉಳಿತಾಯ ₹2,600". ಅದರ ಕೆಳಗೆ ಸಣ್ಣದಾಗಿ "ಈ ತಿಂಗಳು ₹50". ತುಂಬುವುದೂ ಇಲ್ಲ, ಖಾಲಿಯಾಗುವುದೂ ಇಲ್ಲ. ಡಿಸೈನರ್‌ಗೆ ಬೇಸರವಾಯಿತು, ಆಗಲಿ.

ಇನ್ನು ನಿಮ್ಮ ಎತ್ತಿದ ಕೈ. ನಿಮ್ಮದು ದುಡ್ಡಿನ ಆ್ಯಪ್. "ಸಂಘದೋರು ಕೈ ಎತ್ತಿದರು" ಎಂದು ಒಮ್ಮೆ ಓದಿ ನೋಡಿ. ಜೊತೆಗೆ ಅದು ಒಂದು ಪಕ್ಷದ ಗುರುತೂ ಹೌದು. ತೆಗೆದುಬಿಡಿ. ನಾವು ಅಲ್ಲಿ ಹಳೇ ಫೋನಿನ ರಿಸೀವರ್ ಚಿತ್ರ ಇಟ್ಟೆವು, ಒತ್ತಿದರೆ ನೇರವಾಗಿ ಪ್ರತಿನಿಧಿ ಅಕ್ಕನಿಗೆ ಕಾಲ್ ಹೋಗುತ್ತದೆ. ಮೊದಲ ವಾರ ಅಕ್ಕ ನನ್ನನ್ನು ಚೆನ್ನಾಗಿ ಬೈದರು. ಅಷ್ಟು ಕಾಲ್ ಬಂದಿದ್ದವು.