ಮೂಗಿನ ಟ್ಯೂಬಿನಲ್ಲಿ ಮಾತ್ರೆ ಕೊಡುವುದು

ಅಪ್ಪನಿಗೆ ಮೂಗಿನ ಮೂಲಕ ಊಟದ ಟ್ಯೂಬ್ ಹಾಕಿದ್ದಾರೆ. ಬೆಳಗಿನ ಮೂರು ಮಾತ್ರೆಗಳನ್ನು ಒಟ್ಟಿಗೆ ಪುಡಿ ಮಾಡಿ ಹಾಕಬಹುದೇ?

ಬೇಡ. ಔಷಧಗಳು ಒಂದಕ್ಕೊಂದು ಬೆರೆತರೆ ಗಂಟುಕಟ್ಟಿ ಟ್ಯೂಬ್ ಮುಚ್ಚಿಕೊಳ್ಳಬಹುದು, ಗುಣವೂ ಕೆಡಬಹುದು. ಅವನ್ನು ಫೀಡಿಗೂ ಬೆರೆಸಬೇಡಿ.

ಮೊದಲು ಮಾತ್ರೆಯ ಹೆಸರು ನೋಡಿ. ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿದ್ದರೆ ಪುಡಿ ಮಾಡಬಾರದು; ದಿನವಿಡೀ ನಿಧಾನವಾಗಿ ಇಳಿಯಬೇಕಾದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಪ್ಯಾಂಟೊಪ್ರಜೋಲ್ ಮಾತ್ರೆಯ ಹೊದಿಕೆ ಒಡೆದರೆ ಹೊಟ್ಟೆಯ ಆಮ್ಲ ಔಷಧವನ್ನೇ ಹಾಳುಮಾಡುತ್ತದೆ. ಇಂಥವಕ್ಕೆ ಬದಲಿ ರೂಪ ಬರೆದುಕೊಡಲು ವೈದ್ಯರನ್ನು ಕೇಳಿ.

ಉಳಿದ ಮಾತ್ರೆಗಳನ್ನು ಬೇರೆಬೇರೆಯಾಗಿ ನುಣ್ಣಗೆ ಅರೆದು, ಒಂದೊಂದನ್ನೂ 15–30 ಮಿ.ಲೀ. ನೀರಿನಲ್ಲಿ ಕದಡಿ. ತಲೆಯ ಭಾಗ ಎತ್ತರಿಸಿ, ಟ್ಯೂಬ್ ಜಾಗದಲ್ಲೇ ಇದೆಯೇ ಎಂದು ಆಸ್ಪತ್ರೆಯಲ್ಲಿ ಕಲಿಸಿದಂತೆ ಪರೀಕ್ಷಿಸಿ; ಅನುಮಾನವಿದ್ದರೆ ಏನನ್ನೂ ಹಾಕಬೇಡಿ. ಫೀಡ್ ನಿಲ್ಲಿಸಿ 30 ಮಿ.ಲೀ. ನೀರು, ಮೊದಲ ಔಷಧ, 10–15 ಮಿ.ಲೀ. ನೀರು, ಎರಡನೆಯ ಔಷಧ, ಕೊನೆಗೆ ಮತ್ತೆ 30 ಮಿ.ಲೀ. ನೀರು. ಇದು ದೊಡ್ಡವರ ಲೆಕ್ಕ. ಮಕ್ಕಳಿಗೂ, ನೀರಿಗೆ ಮಿತಿ ಹೇಳಿದವರಿಗೂ ವೈದ್ಯರು ಹೇಳಿದಷ್ಟೇ.

ಸಿರಿಂಜ್ ಒತ್ತುವಾಗ ಬಿಗಿಯಾದರೆ ಬಲ ಹಾಕಬೇಡಿ. ದೊಡ್ಡ 50 ಮಿ.ಲೀ. ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ಒತ್ತಿ, ಎಳೆದು ನೋಡಿ. ಸಣ್ಣ ಸಿರಿಂಜಿನ ಒತ್ತಡ ಹೆಚ್ಚು, ಟ್ಯೂಬ್ ಸೀಳಬಹುದು. ತಂತಿಯನ್ನಂತೂ ತೂರಿಸಲೇಬೇಡಿ.