ಖಾಲಿ ಹಾಳೆಯ ಕೆಳಗೆ ನನ್ನ ಸಹಿ

ಪ್ರಶ್ನೆ: ಮಹಿಳಾ ಮೀಸಲಾತಿಯಲ್ಲಿ ನಮ್ಮ ಗ್ರಾಮ ಪಂಚಾಯತಿಗೆ ಅಧ್ಯಕ್ಷೆ ಆಗಿದ್ದೇನೆ. ಸಭೆ ನಡೆಸಿ ಗೊತ್ತಿಲ್ಲ. ಮೊದಲ ಸಭೆಗೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೋ, ಒಬ್ಬಳೇ ಹೋಗಲೋ?

ಉತ್ತರ:

2021ರ ಫೆಬ್ರವರಿಯಲ್ಲಿ ನಾನೂ ಇದನ್ನೇ ನಮ್ಮ ಅತ್ತೆಯನ್ನು ಕೇಳಿದ್ದೆ. ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕಿನ ಎರಿಹೊಲದ ಊರು. ಅತ್ತೆ 1987ರಲ್ಲಿ ಮಂಡಲ ಪಂಚಾಯತಿ ಸದಸ್ಯೆ ಆಗಿದ್ದವರು. ಆಗ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸೀಟು. ಅವರು ಪಂಚಾಯತಿ ಕಟ್ಟೆ ಹತ್ತಿದ್ದು ಒಂದೆರಡು ಸಲ ಅಷ್ಟೇ. ನಡವಳಿ ಪುಸ್ತಕವೇ ಮನೆಗೆ ಬರುತ್ತಿತ್ತು. ರೊಟ್ಟಿ ಬಡಿಯುವ ಕೈ ಒರೆಸಿಕೊಂಡು ಹೆಬ್ಬಟ್ಟು ಒತ್ತುತ್ತಿದ್ದರು.

ಅವರು ನನಗೆ ಹೇಳಿದ್ದು ಒಂದೇ ಮಾತು. "ಯಾರ ಜೋಡಿ ಬೇಕಾದ್ರೂ ಹೋಗವ್ವಾ. ಪುಸ್ತಕ ಮಾತ್ರ ಮನಿಗೆ ಬರಾಕ ಬಿಡಬ್ಯಾಡ."

ನಾನು ಆ ಮಾತನ್ನು ಅರ್ಧ ಮಾತ್ರ ಅರ್ಥ ಮಾಡಿಕೊಂಡೆ. ಪುಸ್ತಕ ಮನೆಗೆ ಬರಲಿಲ್ಲ. ನಾನೇ ಪಂಚಾಯತಿಯಲ್ಲಿ ಕುಳಿತು, ಅದರ ಖಾಲಿ ಹಾಳೆಯ ಕೆಳಗೆ ಸಹಿ ಮಾಡಿ ಬಂದೆ.

ನಮ್ಮ ಪಂಚಾಯತಿಯಲ್ಲಿ 15 ಸದಸ್ಯರು. ನಮ್ಮ ರಾಜ್ಯದಲ್ಲಿ 2010ರಿಂದ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು, ಹಾಗಾಗಿ ನಾವು ಎಂಟು ಜನ. ಅಧ್ಯಕ್ಷ ಸ್ಥಾನವೂ ಸಾಮಾನ್ಯ ಮಹಿಳೆಗೆ ಬಂದಿತ್ತು. ಆದರೆ ಮೊದಲ ಸಭೆಯಲ್ಲಿ ಟೇಬಲ್ಲಿನ ಸುತ್ತ ಏಳು ಜನ ಗಂಡಸರು ಕುಳಿತರು. ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಏಳು ಜನ ಹೆಣ್ಣುಮಕ್ಕಳು. ಎಂಟನೆಯವಳು ನಾನು, ಅಧ್ಯಕ್ಷರ ಕುರ್ಚಿಯಲ್ಲಿ. ನನ್ನ ಬಲಕ್ಕೆ ನನ್ನ ಮೈದುನ. ಅವನು ಸದಸ್ಯನಲ್ಲ. ಯಾರೂ ಅವನನ್ನು ಯಾಕೆ ಬಂದೆ ಎಂದು ಕೇಳಲಿಲ್ಲ. ಪಿಡಿಒ ಪ್ರತಿಯೊಂದು ವಿಷಯವನ್ನೂ ಅವನ ಮುಖ ನೋಡಿಯೇ ಓದಿದರು.

ಅವತ್ತು ಮುಖ್ಯ ವಿಷಯ ಕುಡಿಯುವ ನೀರು. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ 100 ರೂಪಾಯಿಗೆ 60 ರೂಪಾಯಿ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚಾಗಬೇಕಿತ್ತು. ಅದರಲ್ಲಿ ಒಂದು ಪೈಪ್‌ಲೈನ್ ಮಾಡಬಹುದಿತ್ತು. ನಮ್ಮ ಕೆಳಗಿನ ಓಣಿಯಲ್ಲಿ ಒಂದೇ ಬೋರು, ಸವಳು ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಅಲ್ಲಿನ ಹೆಂಗಸರು ಸಿಹಿನೀರಿಗೆ ಕೆರೆಯ ತನಕ ಕೊಡ ಹೊತ್ತುಕೊಂಡು ಹೋಗುತ್ತಿದ್ದರು. ಟ್ಯಾಂಕಿನಿಂದ ಆ ಓಣಿಗೆ ಲೈನ್ ಎಳೆಯಬೇಕು ಅಂತ ಸಭೆಯಲ್ಲಿ ಮಾತಾಯಿತು. ಆ ಓಣಿಯ ಸದಸ್ಯೆಯೇ ಕೇಳಿದರು. ನಾವೆಲ್ಲ ಅವರನ್ನು ಆಯಿ ಅನ್ನುತ್ತೇವೆ. ಯಾರೂ ಬೇಡ ಅನ್ನಲಿಲ್ಲ. ನನಗೆ ಖುಷಿಯಾಯಿತು, ಮೊದಲ ಸಭೆಯಲ್ಲೇ ಒಂದು ಕೆಲಸ ಆಯಿತಲ್ಲ ಅಂತ.

ಈಗ ನನ್ನ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ನಡವಳಿ ಪುಸ್ತಕದಲ್ಲಿ ಮೊದಲು ಹಾಜರಾತಿ ಇರುತ್ತದೆ. ಬಂದ ಸದಸ್ಯರು ಅಲ್ಲಿ ಸಹಿ ಮಾಡುತ್ತಾರೆ. ಆಮೇಲೆ ಒಂದೊಂದೇ ವಿಷಯ, ಅದರ ಚರ್ಚೆ, ಅದರ ಠರಾವು. ಠರಾವಿನ ಕೆಳಗೆ ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು ಅಂತ ಹೆಸರು. ಎಲ್ಲ ಮುಗಿದ ಮೇಲೆ ಕೊನೆಗೆ ಅಧ್ಯಕ್ಷರ ಸಹಿ. ಅವತ್ತು ಹಾಜರಾತಿ ಪುಟ ತುಂಬಿತ್ತು. ಮುಂದಿನ ಮೂರು ಪುಟ ಖಾಲಿ ಇತ್ತು. ಪಕ್ಕದ ಹಾಳೆಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಗೀಚಿಕೊಂಡಿದ್ದರು, ಅಷ್ಟೇ. ಮೂರನೇ ಪುಟದ ಕೊನೆಯಲ್ಲಿ ಸಣ್ಣ ಗುಣಾಕಾರದ ಗುರುತು ಹಾಕಿ ಮೈದುನ ಹೇಳಿದ, "ವೈನಿ, ಇಲ್ಲೆ ಒಂದು ಸಹಿ ಮಾಡ್ರಿ. ಉಳಿದದ್ದು ನಾಳೆ ಬರಕೋತೀವಿ."

ಮಾಡಿದೆ.

ನನಗೆ ಓದಲು ಬರುವುದಿಲ್ಲ ಅಂತಲ್ಲ. ನಾನು ಪಿಯುಸಿ ಮಾಡಿದವಳು. ಗಡಿಬಿಡಿ ಇತ್ತು ಅಂತಲೂ ಅಲ್ಲ. ಚಹಾ, ಮಿರ್ಚಿ ಬಂದಿತ್ತು, ಎಲ್ಲರೂ ಆರಾಮಾಗಿ ಕುಳಿತಿದ್ದರು. ಬರೆದು ಮುಗಿಸಿ, ಆಮೇಲೆ ಸಹಿ ಮಾಡುತ್ತೇನೆ ಅಂದರೆ ಅವರ ಮೇಲೆ ಅನುಮಾನ ಪಟ್ಟಂತೆ ಆಗುತ್ತದೆ ಅಂದುಕೊಂಡೆ. ಮನೆಯವನೇ ಕೇಳುತ್ತಿದ್ದಾನೆ, ಹಿರಿಯರು ಕುಳಿತಿದ್ದಾರೆ, ಹೊಸ ಅಧ್ಯಕ್ಷೆಗೆ ಜಂಬ ಅಂತಾರೆ ಅಂತ ಹೆದರಿದೆ. ಸಂಕೋಚ ಅಂದರೆ ಅದೇ. ಆ ಸಂಕೋಚದ ಬೆಲೆಯನ್ನು ಕೊಟ್ಟವರು ಕೆಳಗಿನ ಓಣಿಯವರು.

ಎರಡು ದಿನ ಬಿಟ್ಟು ಠರಾವು ಬರೆದರು. ಪೈಪ್‌ಲೈನ್ ಇತ್ತು, ಉದ್ದವೂ ಅಷ್ಟೇ ಇತ್ತು. ಓಣಿಯ ಹೆಸರು ಮಾತ್ರ ಬೇರೆ. ಕೆಳಗಿನ ಓಣಿ ಇದ್ದಲ್ಲಿ ಅಗಸಿ ಓಣಿ ಬಂದಿತ್ತು. ಅಲ್ಲಿ ಆಗಲೇ ಅರ್ಧ ಮನೆಗಳಿಗೆ ನಳ ಇತ್ತು. ಸೂಚಿಸಿದವರ ಹೆಸರಿನಲ್ಲಿ ಆಯಿಯ ಹೆಸರನ್ನೇ ಬರೆದಿದ್ದರು. ಅದೇ ಠರಾವು ಕ್ರಿಯಾ ಯೋಜನೆಗೆ ಹೋಯಿತು. ಬಿಲ್ ಪಾಸಾಗಲು ಪಿಡಿಒ ಜೊತೆಗೆ ಅಧ್ಯಕ್ಷರ ಡಿಜಿಟಲ್ ಸಹಿಯೂ ಬೇಕು. ನನ್ನ ಸಹಿಯ ಡೋಂಗಲ್ ಮೈದುನನ ಜೇಬಿನಲ್ಲಿತ್ತು, ಪಿನ್ ನಂಬರ್ ಅವನ ಬಾಯಲ್ಲಿತ್ತು. ನಾನು ಅದನ್ನು ಮುಟ್ಟಿಯೂ ಇರಲಿಲ್ಲ.

ನನಗೆ ಗೊತ್ತಾಗಿದ್ದು ಮಳೆಗಾಲದಲ್ಲಿ, ಅಗಸಿ ಓಣಿಯಲ್ಲಿ ಪೈಪ್ ಇಳಿಸಿದಾಗ. ಗ್ರಾಮಸಭೆಯಲ್ಲಿ ಆಯಿ ಎದ್ದು ನಿಂತರು. ನಾನು ಎಲ್ಲರ ಮುಂದೆ, ನನಗೆ ಇದು ಗೊತ್ತಿರಲಿಲ್ಲ ಎಂದೆ. ಅವರು ಜಗಳ ಮಾಡಲಿಲ್ಲ. "ಸಹಿ ನಿಂದ ಐತಲ್ಲವ್ವಾ?" ಅಂದರು, ಕುಳಿತುಬಿಟ್ಟರು. ಒಮ್ಮೆ ಬರೆದ ಠರಾವನ್ನು ಸುಮ್ನೆ ಹೊಡೆದುಹಾಕಲು ಬರುವುದಿಲ್ಲ. ಮತ್ತೆ ಸಭೆಗೆ ತರಬೇಕು, ಸದಸ್ಯರ ಬೆಂಬಲ ಬೇಕು. ಅಷ್ಟರಲ್ಲಿ ದುಡ್ಡು ಖರ್ಚಾಗಿತ್ತು, ಪೈಪ್ ನೆಲದೊಳಗೆ ಇತ್ತು. ಕೆಳಗಿನ ಓಣಿಯವರು ಇನ್ನೊಂದು ಬೇಸಿಗೆ ಕೊಡ ಹೊತ್ತರು.

ಆಮೇಲೆ ಮೊದಲು ಡೋಂಗಲ್ ವಾಪಸ್ ತೆಗೆದುಕೊಂಡೆ, ಪಿನ್ ಬದಲಾಯಿಸಿದೆ. ಮನೆಯಲ್ಲಿ ಒಂದು ತಿಂಗಳು ಮೈದುನ ನನ್ನ ಜೊತೆ ಮಾತಾಡಲಿಲ್ಲ. ಗಂಡ, ಸಂಬಂಧಿಕರು ಸಭೆಯಲ್ಲಿ ಕೂರಬಾರದು, ಆಡಳಿತದಲ್ಲಿ ಕೈ ಹಾಕಬಾರದು ಅಂತ ಸರ್ಕಾರದ ಸುತ್ತೋಲೆ ಇದೆ. ಅದರ ಪ್ರತಿಯನ್ನು ಪಿಡಿಒ ಟೇಬಲ್ ಮೇಲೆ ಇಟ್ಟು, ಇನ್ನು ಮುಂದೆ ನನ್ನ ಮುಖ ನೋಡಿ ಓದಿ ಅಂತ ಕೇಳಿಕೊಂಡೆ.

ಮುಂದಿನ ವರ್ಷದ ಕ್ರಿಯಾ ಯೋಜನೆಯ ಸಭೆಗೆ ನಾನು ಅರ್ಧ ಗಂಟೆ ಮೊದಲೇ ಹೋದೆ. ಗೋಡೆ ಪಕ್ಕದ ಕುರ್ಚಿಗಳನ್ನು ನಾನೇ ಎತ್ತಿ ಟೇಬಲ್ಲಿನ ಸುತ್ತ ಹಾಕಿದೆ. ಇದು ಸಣ್ಣ ಕೆಲಸ ಅನ್ನಿಸಬಹುದು. ಗೋಡೆ ಪಕ್ಕ ಕುಳಿತವರಿಗೆ ಪುಸ್ತಕ ಕಾಣುವುದಿಲ್ಲ. ಟೇಬಲ್ಲಿಗೆ ಬಂದರೆ ಪೆನ್ನು ಎಲ್ಲಿ ಓಡುತ್ತಿದೆ ಅಂತ ಎಲ್ಲರಿಗೂ ಕಾಣುತ್ತದೆ.

ಅವತ್ತು 14 ಜನ ಬಂದಿದ್ದರು. ಒಬ್ಬ ಸದಸ್ಯೆ ಹೆರಿಗೆಗೆ ತವರಿಗೆ ಹೋಗಿದ್ದಳು. ಕೆಳಗಿನ ಓಣಿಗೆ ಲೈನ್ ಅಂತ ಒಂದು ಮಾತು, ಅಗಸಿಯಲ್ಲಿ ಮಿನಿ ಟ್ಯಾಂಕ್ ಅಂತ ಇನ್ನೊಂದು ಮಾತು. ಒಮ್ಮತ ಆಗಲಿಲ್ಲ. ಕೈ ಎತ್ತಿ ಅಂದೆ. ಇಲ್ಲಿ ಒಂದು ಮಾತು ಹೇಳಲೇಬೇಕು, ಹೆಣ್ಣುಮಕ್ಕಳೆಲ್ಲ ಒಂದೇ ಕಡೆ ಇರುತ್ತಾರೆ ಅಂತ ನೀವು ನಂಬಿದ್ದರೆ ಬಿಟ್ಟುಬಿಡಿ. ಕಿಟಕಿಯ ಹೊರಗೆ ಗಂಡಂದಿರು ನಿಂತಿದ್ದರು. ಇಬ್ಬರು ಸದಸ್ಯೆಯರು ಆ ಕಡೆ ಒಂದು ಸಲ ನೋಡಿ ಮಿನಿ ಟ್ಯಾಂಕಿಗೆ ಕೈ ಎತ್ತಿದರು. ನನ್ನ ಕಡೆ ನಾನೂ ಸೇರಿ ಐದು ಹೆಣ್ಣುಮಕ್ಕಳು, ಇಬ್ಬರು ಗಂಡಸರು. ಆ ಇಬ್ಬರಲ್ಲಿ ಒಬ್ಬರು ಅಗಸಿ ಓಣಿಯವರೇ. "ನಮ್ಮಲ್ಲೆ ನೀರು ಬರತೈತಿ, ಅಲ್ಲೆ ಇಲ್ಲ" ಅಂದರು ಅಷ್ಟೇ. ಏಳಕ್ಕೆ ಏಳು.

ಸಮ ಬಂದರೆ ಅಧ್ಯಕ್ಷರಿಗೆ ಇನ್ನೊಂದು ನಿರ್ಣಾಯಕ ಮತ ಇದೆ. ಆ ಕೋಣೆಯಲ್ಲಿ ಅದು ಹೊಸದಾಗಿ ಗೊತ್ತಾದವರೇ ಜಾಸ್ತಿ. ನಾನು ಕೆಳಗಿನ ಓಣಿ ಅಂದೆ. ಆಮೇಲೆ ಯಾರೂ ಏಳಬೇಡಿ, ಬರೆಯೋಣ ಅಂದೆ. ಬರೆದದ್ದನ್ನು ಅಲ್ಲೇ ಜೋರಾಗಿ ಓದಿಸಿದೆ. ಆಯಿ ಕೈ ಎತ್ತಿ, "ನಮ್ಮ ಓಣಿ ಹೆಸರು ಇನ್ನೊಮ್ಮೆ ಓದಸ್ರಿ" ಅಂದರು. ಮತ್ತೆ ಓದಿದರು. ಠರಾವು ಮುಗಿದ ಜಾಗದಿಂದ ಪುಟದ ಕೊನೆಯವರೆಗೆ ಅಡ್ಡಗೆರೆ ಎಳೆದು, ಗೆರೆಗೆ ತಾಗಿಕೊಂಡೇ ಸಹಿ ಮಾಡಿದೆ. ಮೊಬೈಲಿನಲ್ಲಿ ಪುಟದ ಫೋಟೋ ತೆಗೆದುಕೊಂಡೆ. ಊಟದ ಹೊತ್ತು ಮೀರಿತ್ತು, ಕೆಲವರು ಗೊಣಗಿದರು.

ಆ ಹುದ್ದೆಯಲ್ಲಿ ನನ್ನದು 30 ತಿಂಗಳು. ಅದು ಮುಗಿಯುವ ಮೊದಲು ಕೆಳಗಿನ ಓಣಿಯಲ್ಲಿ ನೀರು ಬಂತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನಗೆ ಅನ್ನಿಸುತ್ತದೆ. ಯಜಮಾನರು ಸಭೆಯಲ್ಲಿ ಕೂರುವಂತಿಲ್ಲ, ಅದು ಅಲ್ಲಿಗೆ ಮುಗಿಯಿತು. ಗಾಡಿಯಲ್ಲಿ ಬಿಟ್ಟು ಹೋಗಲಿ, ತೊಂದರೆ ಇಲ್ಲ. ಆದರೆ ಒಬ್ಬಳೇ ಹೋದ ಮಾತ್ರಕ್ಕೆ ನೀವು ಸಭೆ ನಡೆಸಿದಂತೆ ಅಲ್ಲ. ನನ್ನ ಮೈದುನ ಅವತ್ತು ಬರದೇ ಇದ್ದರೂ ನಾನು ಆ ಖಾಲಿ ಪುಟಕ್ಕೆ ಸಹಿ ಮಾಡುತ್ತಿದ್ದೆ, ಬೇರೆ ಯಾರೋ ಗುರುತು ಹಾಕಿ ಕೊಡುತ್ತಿದ್ದರು. ಸಭೆ ನಡೆಸಲು ಬರುವುದಿಲ್ಲ ಅಂತ ಹೆದರಬೇಡಿ, ಅದು ಎರಡು ಸಭೆಯಲ್ಲಿ ಬರುತ್ತದೆ. ಸಭೆ ಮುಗಿಯುವ ಮೊದಲು ಹಾಜರಾತಿ ಬಿಟ್ಟು ಬೇರೆಲ್ಲೂ ಪೆನ್ನು ಊರಬೇಡಿ. "ಆಮೇಲೆ ಬರಕೋತೀವಿ" ಅಂದರೆ, "ಆಯ್ತು, ಬರೀರಿ, ನಾನು ಕುಂದ್ರತೀನಿ" ಅನ್ನಿ. ಕುಳಿತೇ ಇರಿ. ಡೋಂಗಲ್ ಇವತ್ತೇ ನಿಮ್ಮ ಕೈಗೆ ಬರಲಿ.

ಸಭೆಯ ನೋಟಿಸು ಏಳು ದಿನ ಮೊದಲು ವಿಷಯಪಟ್ಟಿಯ ಜೊತೆ ಕೈಸೇರಬೇಕು. ನಿಮ್ಮದು ಬಂದಿದೆಯಾ? ಬಂದಿದ್ದರೆ ಅದರಲ್ಲಿ ಏನೇನಿದೆ ಅಂತ ಇಲ್ಲಿ ಬರೆಯಿರಿ. ಯಾವ ವಿಷಯಕ್ಕೆ ಓಣಿಯ ಹೆಸರು ಹಾಕಿಲ್ಲ ಅಂತ ಮೊದಲು ನೋಡೋಣ.