ಹಳೇ ಟಿಲ್ಲರ್ ಎಕ್ಸ್‌ಚೇಂಜ್‌ಗೆ ಕೊಟ್ಟಾಗ ಲೆಕ್ಕ ಬರೆಯೋದು

"ಸಂಘದ ಬಾಡಿಗೆ ಟಿಲ್ಲರ್‌ನ ಸೆಪ್ಟೆಂಬರ್ 30ಕ್ಕೆ ಎಕ್ಸ್‌ಚೇಂಜ್‌ಗೆ ಕೊಟ್ವಿ. ಹೊಸದಕ್ಕೆ 2,80,000. ಹಳೇದಕ್ಕೆ 1,10,000 ಹಿಡಿದ್ರು, ಉಳಿದ 1,70,000 ಚೆಕ್ ಕೊಟ್ವಿ. ಹಳೇದು ನಾಲ್ಕೂವರೆ ವರ್ಷದ ಹಿಂದೆ 2,40,000ಕ್ಕೆ ತಂದಿದ್ದು, ವರ್ಷಕ್ಕೆ 24,000 ಸವಕಳಿ. ಎಂಟ್ರಿ ಹೇಗೆ?"

ಅಣ್ಣ, ಮೊದಲು ಸವಕಳಿ ಸರಿ ಮಾಡಿಕೊಳ್ಳಿ. ಮಾರ್ಚ್ ತನಕ 96,000 ಬರೆದಿರುತ್ತೀರಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 12,000 ಸೇರಿದರೆ 1,08,000. ಹಳೇ ಟಿಲ್ಲರ್ ಪುಸ್ತಕದಲ್ಲಿ 1,32,000ಕ್ಕೆ ನಿಲ್ಲುತ್ತದೆ. ಸಿಕ್ಕಿದ್ದು 1,10,000, ನಷ್ಟ 22,000. ಆ 12,000 ಬಿಟ್ಟರೆ ನಷ್ಟ 34,000 ಅಂತ ಕಾಣುತ್ತದೆ. ವರ್ಷದ ಒಟ್ಟು ಖರ್ಚು ಒಂದೇ, ಆದರೆ ಬಾಡಿಗೆ ದರ ಕೂಡಿಸುವಾಗ ದುಡಿದ ಆರು ತಿಂಗಳ ಸವಕಳಿ ಬಿಟ್ಟುಹೋಗುತ್ತದೆ. ಮಾರಿದ ವರ್ಷ ಸವಕಳಿ ಹಾಕದ ಪದ್ಧತಿ ಮೊದಲಿಂದಲೂ ನಿಮ್ಮಲ್ಲಿದ್ದರೆ ಮಾತ್ರ 34,000 ಬರೆಯಿರಿ.

ಈಗ "ಯಂತ್ರ ವಿಲೇವಾರಿ" ಅಂತ ಒಂದು ಖಾತೆ ತೆರೆಯಿರಿ. ಅದಕ್ಕೆ 2,40,000 ಡೆಬಿಟ್, ಯಂತ್ರ ಖಾತೆಗೆ ಕ್ರೆಡಿಟ್. ಸವಕಳಿ ನಿಧಿಗೆ 1,08,000 ಡೆಬಿಟ್, ವಿಲೇವಾರಿಗೆ ಕ್ರೆಡಿಟ್. ಹೊಸದಕ್ಕೆ ಯಂತ್ರ ಖಾತೆ 2,80,000 ಡೆಬಿಟ್, ಬ್ಯಾಂಕ್ 1,70,000 ಮತ್ತು ವಿಲೇವಾರಿ 1,10,000 ಕ್ರೆಡಿಟ್. ವಿಲೇವಾರಿಯಲ್ಲಿ ಉಳಿಯುವ 22,000ವನ್ನು ಲಾಭ-ನಷ್ಟ ಖಾತೆಗೆ ಡೆಬಿಟ್ ಮಾಡಿದರೆ ಖಾತೆ ಸೊನ್ನೆ ಆಗುತ್ತದೆ. ಆಗಲಿಲ್ಲ ಅಂದ್ರೆ ಎಲ್ಲೋ ಒಂದು ಎಂಟ್ರಿ ಬಿಟ್ಟಿದೆ.

ಮೇಲೆ ಒಬ್ಬರು "ಕೈಯಿಂದ ಹೋಗಿದ್ದು 1,70,000, ಅಷ್ಟೇ ಬರೆಯಿರಿ" ಅಂದಿದ್ದಾರೆ. ಬ್ಯಾಂಕಿನ ಮಟ್ಟಿಗೆ ಅದು ಸರಿ. ಯಂತ್ರಕ್ಕೆ ಹಾಗೆ ಬರೆದರೆ ಯಂತ್ರ ಖಾತೆ 4,10,000 ತೋರಿಸುತ್ತದೆ, ಶೆಡ್‌ನಲ್ಲಿ ನಿಂತಿರೋದು ಒಂದೇ ಟಿಲ್ಲರ್. ಸಬ್ಸಿಡಿಯಲ್ಲಿ ತಂದ ಯಂತ್ರಕ್ಕೆ ಯಾವ ಮೊತ್ತದಿಂದ ಲೆಕ್ಕ ಅಂತ ಕೇಳಿದ ಅಕ್ಕ, ನಿಮ್ಮದು ಬೇರೆ ವಿಷಯ. ಖರೀದಿ ದಿನವೇ ಸಬ್ಸಿಡಿ ಕಳೆದು ಬರೆದಿದ್ದರೆ ಕಳೆದು ಉಳಿದ ಮೊತ್ತದಿಂದಲೇ ಶುರು ಮಾಡಿ.

ಇನ್ನೊಂದು ಮುಖ್ಯ ವಿಷಯ. ಎಕ್ಸ್‌ಚೇಂಜ್ ಇಲ್ಲದೆ ನಗದು ಕೊಟ್ಟಿದ್ದರೆ ಹೊಸದು ಎಷ್ಟಕ್ಕೆ ಸಿಗುತ್ತಿತ್ತು? ಡೀಲರ್‌ಗಳು ಡಿಸ್ಕೌಂಟ್ ಮುಚ್ಚಿಟ್ಟು ಹಳೇದರ ಬೆಲೆ ಜಾಸ್ತಿ ತೋರಿಸುವುದುಂಟು. ನಗದು ಬೆಲೆ 2,65,000 ಆಗಿದ್ದರೆ ಹಳೇದಕ್ಕೆ ನಿಜವಾಗಿ ಸಿಕ್ಕಿದ್ದು 95,000, ನಷ್ಟ 37,000. ಆಗ ಹೊಸದನ್ನು 2,65,000ಕ್ಕೆ ಬರೆಯುವುದೇ ಸರಿ ಅಂತ ನನ್ನ ಅಭಿಪ್ರಾಯ. ಇಲ್ಲದಿದ್ದರೆ ಇಲ್ಲದ 15,000ಕ್ಕೂ ವರ್ಷವರ್ಷ ಸವಕಳಿ ಹಾಕುತ್ತಾ ಹೋಗುತ್ತೀರಿ. ಆಡಿಟರ್ "ಬಿಲ್ ಮೊತ್ತವೇ ಇರಲಿ" ಅನ್ನಬಹುದು, ಇದರಲ್ಲಿ ಎಲ್ಲರ ಮಾತೂ ಒಂದಲ್ಲ. ಎಂಟ್ರಿ ಹಾಕೋ ಮೊದಲೇ ಕೇಳಿಬಿಡಿ.

ಆದಾಯ ತೆರಿಗೆಗೆ ಈ 22,000 ನಡೆಯೋದಿಲ್ಲ. ಅಲ್ಲಿ ಒಂದೇ ಸವಕಳಿ ದರದ ಯಂತ್ರಗಳೆಲ್ಲ ಒಂದು ಬ್ಲಾಕ್. ಹೊಸದರ ಬೆಲೆ ಬ್ಲಾಕ್‌ಗೆ ಸೇರುತ್ತದೆ, ಹಳೇದಕ್ಕೆ ಸಿಕ್ಕಿದ್ದು ಕಳೆಯುತ್ತದೆ. ಆ ಲೆಕ್ಕ ಬೇರೆ ಹಾಳೆಯಲ್ಲಿ ಇಡಿ.

ನಗದು ಕೊಟೇಶನ್ ಇದ್ದರೆ ಇಲ್ಲೇ ಹಾಕಿ ಅಣ್ಣ, ಎರಡನ್ನೂ ಹೋಲಿಸಿ ನೋಡೋಣ.